ಎಲ್‌ಸಿ ತಗೊಂಡ್ಯಾ? ಆರು ನಿಮಿಷದ ವಿಡಿಯೋಗೆ ಮಾತು ಬರೆದದ್ದು

ಹಳ್ಳಿ ಶಾಲೆ ಮೇಷ್ಟ್ರುಗಳ ಕೃಪೆಯಿಂದ ನಮ್ಮಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದವರು. ಹಾಗಾಗಿ ಮೇ 31 ಬಂತೆಂದರೆ ಆಫೀಸುಗಳಲ್ಲಿ ಬೀಳ್ಕೊಡುಗೆಯ ಸುಗ್ಗಿ. 2025ರ ಮೇ 31ಕ್ಕೆ ನಮ್ಮ ಮೇಸ್ತ್ರಿ ರಿಟೈರ್ ಆಗುವವರಿದ್ದರು. ದಾಖಲೆಯಲ್ಲಿ ಅವರ ಹುದ್ದೆಗೆ ಬೇರೆ ಹೆಸರಿದೆ. ನಮಗೆಲ್ಲ ಅವರು ಮೇಸ್ತ್ರಿ, ಇಲ್ಲವೇ ಅಣ್ಣ. 1993ರಲ್ಲಿ ಕೆಇಬಿಗೆ ಮಜ್ದೂರ್ ಆಗಿ ಸೇರಿ, ಮೂವತ್ತೆರಡು ವರ್ಷ ತೀರ್ಥಹಳ್ಳಿ ಆಗುಂಬೆ ಕಡೆಯ ಕಾಡು, ತೋಟಗಳಲ್ಲಿ ಲೈನ್ ನೋಡಿಕೊಂಡವರು.

ನಾನು ಸಬ್ ಡಿವಿಷನ್ ಆಫೀಸಿನಲ್ಲಿ ಸಹಾಯಕಿ. ಮೇ ಮೊದಲ ವಾರ ಎಇಇ ಸಾಹೇಬರು ಕರೆದು, "ಮೇಸ್ತ್ರಿಗೆ ಹಳೇ ಫೋಟೋದ್ದು ಒಂದು ವಿಡಿಯೋ ಮಾಡೋಣ ಮೇಡಂ. ಮಾತು ನೀವು ಬರೀರಿ, ಎಡಿಟಿಂಗ್ ಮೀಟರ್ ರೀಡರ್ ಹುಡುಗ ಮಾಡ್ತಾನೆ" ಅಂದರು. ಸರಿ, ಎರಡು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಕೇಳಿದೆವು, ಅಣ್ಣನನ್ನು ಬಿಟ್ಟು ಹೊಸ ಗುಂಪು ಮಾಡಿ. ನಾಲ್ಕು ದಿನದಲ್ಲಿ 143 ಬಂದವು. ಆಗಲೇ ಒಂದು ತಪ್ಪು ಮಾಡಿಬಿಟ್ಟಿದ್ದೆ. ಫೋಟೋ ಎಂದೇ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಜೊತೆಗೆ ಫೋಟೋ ತೆಗೆದ ದಿನಾಂಕವೂ ಒಳಗಿನಿಂದ ಹಾರಿಹೋಗುತ್ತದೆ. ಉಳಿಯುವುದು `IMG-20250509-WA0031.jpg` ಅನ್ನುವಂಥ ಹೆಸರು. ಅದರಲ್ಲಿರುವ 2025 ಮೇ 9 ನಮಗೆ ಬಂದ ದಿನ, ತೆಗೆದ ದಿನ ಅಲ್ಲ. ಹುಡುಗ ಅದನ್ನೇ ನಂಬಿ ಫೋಟೋಗಳನ್ನು ಸಾಲಾಗಿ ಜೋಡಿಸಿದ್ದ. ಮೀಸೆ ಕಪ್ಪಗಿದ್ದ ಅಣ್ಣ ಮೀಸೆ ಬೆಳ್ಳಗಾದ ಮೇಲೆ ಬರುತ್ತಿದ್ದರು. ಆಮೇಲೆ ಎಲ್ಲರಿಗೂ "ಡಾಕ್ಯುಮೆಂಟ್ ಅಂತ ಕಳಿಸಿ" ಎಂದು ಮತ್ತೊಮ್ಮೆ ಬೇಡಿಕೊಂಡೆ.

ಹಳೆಯ ಪ್ರಿಂಟುಗಳಿಗೆ ಈ ಉಪಾಯವೂ ಇಲ್ಲ. ಕೆಲವದರ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ತಾರೀಖು ಇತ್ತು. ಆದರೆ ಕ್ಯಾಮೆರಾಕ್ಕೆ ತಾರೀಖು ಸರಿಯಾಗಿ ಕೊಟ್ಟವರು ಯಾರು? ಆಲದ ಮರದ ಕೆಳಗೆ ತೆಗೆದ ಒಂದು ಗುಂಪು ಫೋಟೋಗೆ ಯಾರೋ 1996 ಅಂದರು. ಹಿಂದೆ ನಿಂತ ಜೀಪಿನ ಮೇಲೆ ಕೆಪಿಟಿಸಿಎಲ್ ಅಂತ ಕಾಣುತ್ತಿತ್ತು. ಕೆಇಬಿ ಹೋಗಿ ಕೆಪಿಟಿಸಿಎಲ್ ಆದದ್ದು 1999ರಲ್ಲಿ. ವಿತರಣಾ ಕಂಪನಿಗಳು ಬೇರೆಯಾದದ್ದು 2002ರಲ್ಲಿ. ಅಂದರೆ ಈ ಫೋಟೋ 1996ರದ್ದಾಗಲು ಸಾಧ್ಯವೇ ಇಲ್ಲ. ಹೀಗೆ ಜೀಪು, ಹೆಲ್ಮೆಟ್ಟು, ಬೋರ್ಡು ನೋಡಿ ಕಾಲ ಹಿಡಿದೆವು. ಅಷ್ಟಾದರೂ ಗೊತ್ತಾಗದ ಕಡೆ ವರ್ಷ ಹಾಕಲೇ ಇಲ್ಲ. ಊರಿನ ಹೆಸರೊಂದೇ ಸಾಕು ಅಂತ ಬಿಟ್ಟೆವು. ತಪ್ಪು ವರ್ಷ ಹಾಕಿದರೆ ಸಭೆಯಲ್ಲಿ ಕೂತ ಹಳಬರು ವಿಡಿಯೋ ಬಿಟ್ಟು ಅದನ್ನೇ ಚರ್ಚೆ ಮಾಡುತ್ತಾರೆ.

143ರಲ್ಲಿ 41 ಉಳಿಸಿಕೊಂಡೆ. ಹಾರ ಹಾಕಿಸಿಕೊಂಡ, ಶಾಲು ಹೊದ್ದ ಫೋಟೋಗಳೇ ಮೂವತ್ತರ ಮೇಲಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡೆ.

ಆಮೇಲೆ ಬರೆಯಲು ಕೂತೆ. ಮೊದಲ ಸಲ ಬರೆದದ್ದನ್ನು ಈಗ ಓದಿದರೆ ನಾಚಿಕೆ ಆಗುತ್ತದೆ. "ಕರ್ತವ್ಯನಿಷ್ಠೆಗೆ ಮತ್ತೊಂದು ಹೆಸರು", "ಸದಾ ಹಸನ್ಮುಖಿ", "ಅಜಾತಶತ್ರು". ಸನ್ಮಾನ ಪತ್ರದ ಭಾಷೆ ಕೈಗೆ ತಾನೇ ಬಂದುಬಿಡುತ್ತದೆ. ಒಟ್ಟು 780 ಪದ ಆಗಿತ್ತು. ಮನೆಯಲ್ಲಿ ನನ್ನ ಯಜಮಾನರಿಗೆ ಓದಿ ತೋರಿಸಿದೆ. ಅವರು ಕೇಳಿದರು, "ಚೆನ್ನಾಗಿದೆ. ಇದು ಯಾರ ಬಗ್ಗೆ?" ನಾನು ಸಿಟ್ಟು ಮಾಡಿಕೊಂಡೆ. ಆದರೆ ಅವರು ಹೇಳಿದ್ದು ಸರಿ. ಹಿಂದಿನ ವರ್ಷ ರಿಟೈರ್ ಆದ ಅಕೌಂಟ್ಸ್‌ನವರ ಹೆಸರನ್ನು ಅಲ್ಲಿ ಹಾಕಿದರೂ ಒಂದು ಅಕ್ಷರ ಬದಲಿಸಬೇಕಾಗಿರಲಿಲ್ಲ. ಮಾರನೇ ದಿನ ಅದೇ ಜರಡಿ ಹಿಡಿದು ಕೂತೆ. ಬೇರೆಯವರಿಗೂ ಹೊಂದುವ ಸಾಲುಗಳನ್ನೆಲ್ಲ ಹೊಡೆದು ಹಾಕಿದೆ. ಉಳಿದದ್ದು ನಾಲ್ಕು ಸಾಲು.

ಇನ್ನೊಂದು ತೊಂದರೆ ಲೆಕ್ಕದ್ದು. ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ 130–150 ಪದ ಓದಬಹುದು ಅನ್ನುತ್ತಾರೆ, ನಾನೂ ಹಾಗೇ ಲೆಕ್ಕ ಹಾಕಿದ್ದೆ. ನಮ್ಮ ಪದಗಳು ಉದ್ದ. 'ಹೋಗಬೇಕಾಗಿತ್ತಂತೆ' ಅನ್ನುವುದು ನಮಗೆ ಒಂದೇ ಪದ, ಬಾಯಿಗೆ ಮೂರು. ಮೊಬೈಲಿನಲ್ಲಿ ಟೈಮ್ ಇಟ್ಟು, ಅವಸರ ಮಾಡದೆ ಓದಿ ನೋಡಿದೆ. ನನಗೆ ನಿಮಿಷಕ್ಕೆ 90 ಪದ ಬಂತು. ಅಂದರೆ 780 ಪದಕ್ಕೆ ಎಂಟೂವರೆ ನಿಮಿಷದ ಮೇಲೆ, ಅದೂ ಉಸಿರು ಬಿಡದೆ. ಊಟಕ್ಕೆ ಮುಂಚೆ ತೋರಿಸುವ ವಿಡಿಯೋ ಆರು ನಿಮಿಷ ದಾಟಿದರೆ ಜನ ಹಿಂದಿನ ಬಾಗಿಲ ಕಡೆ ನೋಡಲು ಶುರು ಮಾಡುತ್ತಾರೆ.

ಹೊಸ ಲೆಕ್ಕ ಹೀಗೆ ಹಾಕಿದೆ. 41 ಫೋಟೋಗಳಲ್ಲಿ 24ಕ್ಕೆ ಮಾತ್ರ ಮಾತು, ತಲಾ 9 ಸೆಕೆಂಡ್. ಉಳಿದ 17ಕ್ಕೆ ಮಾತಿಲ್ಲ, ತಲಾ 6 ಸೆಕೆಂಡ್. ಶುರು ಮತ್ತು ಕೊನೆಗೆ ಅರ್ಧ ನಿಮಿಷ. ಒಟ್ಟು 5 ನಿಮಿಷ 48 ಸೆಕೆಂಡ್. 9 ಸೆಕೆಂಡಿನಲ್ಲಿ ಹದಿಮೂರು ಪದ ಓದಬಹುದು. ಆದರೆ ಫೋಟೋ ಬಂದ ತಕ್ಷಣ ಮಾತು ಶುರುವಾದರೆ ಕಣ್ಣಿಗೆ ನೋಡಲು ಬಿಡುವೇ ಇರುವುದಿಲ್ಲ. ಮೊದಲ ಎರಡು ಸೆಕೆಂಡ್ ಸುಮ್ನೆ ಬಿಡಬೇಕು. ಹಾಗಾಗಿ ಒಂದು ಫೋಟೋಗೆ ಹತ್ತು ಪದ. 780ರಿಂದ 240ಕ್ಕೆ ಇಳಿಯಬೇಕು.

ಹತ್ತು ಪದದಲ್ಲಿ ಏನು ಹೇಳುವುದು? ಇಲ್ಲೇ ನನಗೆ ಕೆಲಸದ ದಾರಿ ಸಿಕ್ಕಿದ್ದು. ಅಲ್ಲಿಯವರೆಗೆ ಕ್ಯಾಪ್ಶನ್ನಿನಲ್ಲೂ ಮಾತಿನಲ್ಲೂ ಒಂದೇ ವಿಷಯ ಬರೆಯುತ್ತಿದ್ದೆ. ಫೋಟೋದಲ್ಲಿ ಅಣ್ಣ ಸೈಕಲ್ ಹಿಡಿದು ನಿಂತಿದ್ದಾರೆ. ಕೆಳಗೆ "ಸೈಕಲ್‌ನೊಂದಿಗೆ" ಅಂತ ಅಕ್ಷರ. ಮೇಲೆ ನನ್ನ ದನಿ, "ಸೈಕಲ್ಲಿನಲ್ಲಿ ಸಂಚರಿಸುತ್ತಾ". ಮೂರು ಸಲ ಸೈಕಲ್! ಆಮೇಲೆ ತೀರ್ಮಾನ ಮಾಡಿದೆ: ಕ್ಯಾಪ್ಶನ್ ಸಭೆಗೆ, ದನಿ ಅಣ್ಣನಿಗೆ. ಸಭೆಗೆ ಬೇಕಾದದ್ದು ಎಲ್ಲಿ, ಯಾವಾಗ, ಪಕ್ಕದಲ್ಲಿ ಯಾರು. ಅದು ಅಣ್ಣನಿಗೆ ಗೊತ್ತೇ ಇದೆ. ದನಿ ಅವರ ಜೊತೆ ನೇರವಾಗಿ ಮಾತಾಡಬೇಕು, ಕಟ್ಟೆ ಮೇಲೆ ಕೂತು ಮಾತಾಡಿದ ಹಾಗೆ. 'ತಾವು' ಬೇಡ, 'ಶ್ರೀಯುತರು' ಬೇಡ. ನಾವು ದಿನಾ ಕರೆಯುವ ಹಾಗೆ 'ಅಣ್ಣ'.

ಆದರೆ ಅಣ್ಣನ ಜೊತೆ ಮಾತಾಡಲು ನನಗೆ ಅವರ ಕಥೆ ಗೊತ್ತಿರಬೇಕಲ್ಲ. ಅತ್ತಿಗೆಗೆ ಗುಟ್ಟಾಗಿ ಫೋನ್ ಮಾಡಿ ಒಂದು ಭಾನುವಾರ ಹೋದೆ. ಅಣ್ಣ ಲೈನ್ ಮೇಲೆ ಹೋಗಿದ್ದರು. "ಅವರ ಸ್ವಭಾವ ಹೇಗೆ?" ಅಂತ ಕೇಳಿದರೆ "ಒಳ್ಳೆಯವರು" ಅನ್ನುವ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಹಾಗಾಗಿ ಫೋಟೋಗಳನ್ನು ಒಂದೊಂದಾಗಿ ಅವರ ಮುಂದೆ ಇಟ್ಟು, "ಇವತ್ತು ಮನೆಗೆ ಎಷ್ಟು ಹೊತ್ತಿಗೆ ಬಂದ್ರು ಅತ್ತಿಗೆ?" ಅಂತ ಕೇಳಿದೆ. ಆಗ ಕಟ್ಟೆ ಒಡೆಯಿತು. ಸೈಕಲ್ ಫೋಟೋ ನೋಡಿ ಅವರು ನಕ್ಕರು. "ಆ ಸೈಕಲ್ಲಿಗೆ ಬೆಲ್ ಒಂದು ಜೋರು. ಮೇಗರವಳ್ಳಿ ಕಡೆಯೋರು ಬೆಲ್ ಕೇಳಿದ್ರೆ ಲೈಟ್ ಬಂತು ಅಂತಿದ್ರು. ಬ್ರೇಕ್ ಮಾತ್ರ ಇರ್ಲಿಲ್ಲ, ಕಾಲು ಕೊಟ್ಟೇ ನಿಲ್ಲಿಸ್ತಿದ್ರು."

ಅದನ್ನೇ ಎತ್ತಿಕೊಂಡೆ. ಕ್ಯಾಪ್ಶನ್: "ಮೇಗರವಳ್ಳಿ ದಾರಿ, 1996". ದನಿ: "ಅಣ್ಣ, ಈ ಸೈಕಲ್ ಬೆಲ್ ಕೇಳಿದರೆ ಲೈಟ್ ಬಂತು ಅಂತಿದ್ದರಂತೆ. ಬೆಲ್ ಇತ್ತು, ಬ್ರೇಕ್ ಇರಲಿಲ್ಲ." ಹನ್ನೆರಡು ಪದ, ಎಂಟು ಸೆಕೆಂಡ್. ಆ ಫೋಟೋಗೆ 11 ಸೆಕೆಂಡ್ ಕೊಟ್ಟೆ. ಯಾಕೆಂದರೆ ಬ್ರೇಕ್ ಮಾತಿಗೆ ಜನ ನಗುತ್ತಾರೆ. ನಗುವಾಗಲೇ ಮುಂದಿನ ಫೋಟೋದ ಮಾತು ಶುರುವಾದರೆ ಅದು ಯಾರಿಗೂ ಕೇಳುವುದಿಲ್ಲ.

ಸೆಕ್ಷನ್ ಆಫೀಸಿನ ಹಳೆಯ ದೂರು ಪುಸ್ತಕವೂ ಕೈಗೆ ಬಂತು. 2019ರ ಆಗಸ್ಟ್, ಮಲೆನಾಡೆಲ್ಲ ನೀರಾಗಿದ್ದ ಆ ವಾರ. ಎಡಗಡೆ "ರಾ. 11.40, ಅಡಿಕೆ ಮರ ಬಿದ್ದು ತಂತಿ ತುಂಡು". ಬಲಗಡೆ ಅಣ್ಣನ ವಾರೆ ಅಕ್ಷರ, "ಬೆ. 5.15 ಸರಿಯಾಯಿತು". ನಡುವಿನ ಐದೂವರೆ ಗಂಟೆ ಮಳೆಯಲ್ಲಿ ಏನು ನಡೆಯಿತು ಅನ್ನುವುದಕ್ಕೆ ಒಂದು ಅಕ್ಷರವೂ ಇಲ್ಲ. ಅದಕ್ಕೆ ನಾನು ಏನನ್ನೂ ಸೇರಿಸಲಿಲ್ಲ. ಪುಟದ ಫೋಟೋ ತೆಗೆದು ಹಾಕಿ ಆ ಎರಡು ಸಾಲನ್ನು ಹಾಗೇ ಓದಿದೆ.

ತಕರಾರು ಬಂದದ್ದು ಕಂಬದ ಫೋಟೋಗೆ. ಇದ್ದವುಗಳಲ್ಲೇ ಚಂದದ ಫೋಟೋ ಅದು. ತೊಂಬತ್ತರ ದಶಕದ್ದು. ಅಣ್ಣ ಕಂಬದ ತುದಿಯಲ್ಲಿ, ಹಿಂದೆ ಮೋಡ. ತಲೆಗೆ ಹೆಲ್ಮೆಟ್ ಇಲ್ಲ, ಸೊಂಟಕ್ಕೆ ಬೆಲ್ಟ್ ಇಲ್ಲ, ಲುಂಗಿ ಎತ್ತಿ ಕಟ್ಟಿದ್ದಾರೆ. ಎಇಇ ಸಾಹೇಬರು ನೋಡಿ, "ಇದು ಬೇಡ ಮೇಡಂ. ಸುರಕ್ಷತೆ ಬಗ್ಗೆ ಹುಡುಗರಿಗೆ ನಾನೇ ಪಾಠ ಮಾಡ್ತೀನಿ, ಇದನ್ನ ತೋರ್ಸಿ ಚಪ್ಪಾಳೆ ಹೊಡೆಸೋದಾ?" ಅಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಹೊಗಳುವ ದನಿಯಲ್ಲಿ ತೋರಿಸಿದರೆ ಬೆಲ್ಟ್ ಇಲ್ಲದೆ ಹತ್ತುವುದೇ ಗಂಡಸುತನ ಅಂತ ಹೊಸ ಹುಡುಗರು ತಿಳಿಯುತ್ತಾರೆ.

ಆದರೆ ಅಣ್ಣ ಆಮೇಲೆ ಹಾಗಿರಲಿಲ್ಲ. ಹುಡುಗರು ಏಣಿ ಮುಟ್ಟುವ ಮೊದಲು ಅವರು ಕೇಳುತ್ತಿದ್ದ ಒಂದೇ ಪ್ರಶ್ನೆ: "ಎಲ್‌ಸಿ ತಗೊಂಡ್ಯಾ?" ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕೆಲಸ ಮಾಡುವ ಲೈನಿನ ಕರೆಂಟನ್ನು ಸ್ಟೇಷನ್ನಿನಲ್ಲಿ ತೆಗೆಸಿ, ಆಪರೇಟರ್ ಹತ್ತಿರ ಬರೆಸಿ, 'ಇನ್ನು ಮುಟ್ಟಬಹುದು' ಅಂತ ಪಡೆಯುವ ಒಪ್ಪಿಗೆ. ಅದಾದ ಮೇಲೂ ಲೈನಿಗೆ ಅರ್ತ್ ಕೊಟ್ಟೇ ಕೈ ಹಾಕಬೇಕು. ಹಾಗಾಗಿ ಕಂಬದ ಫೋಟೋ ಪಕ್ಕಕ್ಕೆ 2025ರದ್ದೇ ಒಂದು ಫೋಟೋ ಇಟ್ಟೆ. ಹೆಲ್ಮೆಟ್ ಹಾಕಿದ ಅಣ್ಣ ಒಬ್ಬ ಹುಡುಗನ ಬೆಲ್ಟ್ ಕೊಂಡಿ ಎಳೆದು ನೋಡುತ್ತಿದ್ದಾರೆ. ಮೊದಲನೆಯದಕ್ಕೆ ಮಾತೇ ಇಲ್ಲ, ಕ್ಯಾಪ್ಶನ್ ಕೂಡ ಇಲ್ಲ. ಎರಡನೆಯದಕ್ಕೆ ದನಿ: "ಅಣ್ಣ, ಆ ಕಂಬದ ಮೇಲಿದ್ದ ಹುಡುಗ ಈಗ ಸಿಕ್ಕಿದ್ರೆ ಎಷ್ಟು ಬೈತಿದ್ರಿ?" ಸಾಹೇಬರು ಒಪ್ಪಿದರು.

ಇನ್ನೊಂದು ಫೋಟೋದ ಬಗ್ಗೆ ಒಂದು ವಾರ ನಿದ್ದೆ ಸರಿ ಬರಲಿಲ್ಲ. ಐದು ಜನ ಲೈನ್‌ಮನ್‌ಗಳು ಚಹಾ ಕುಡಿಯುತ್ತಿರುವುದು. ಅವರಲ್ಲಿ ಇಬ್ಬರು ಈಗ ಇಲ್ಲ. ಒಬ್ಬರು ಕೆಲಸದ ಮೇಲೆ ಇದ್ದಾಗಲೇ ಹೋದವರು. ಯೂನಿಯನ್ನಿನವರು ಹೆಸರಿನ ಹಿಂದೆ 'ದಿ.' ಹಾಕಲೇಬೇಕು ಅಂದರು, ಇಲ್ಲದಿದ್ದರೆ ಅಗೌರವ ಎಂದು. ನನಗೆ ಮನಸ್ಸು ಬರಲಿಲ್ಲ. ನಗುತ್ತಾ ಚಹಾ ಲೋಟ ಎತ್ತಿದ ಮನುಷ್ಯನ ಎದೆ ಮೇಲೆ 'ದಿ.' ಅಂತ ಬರೆಯುವುದು ಹೇಗೆ? ಆ ಮನೆಯವರು ಊರಲ್ಲೇ ಇದ್ದಾರೆ, ಸಮಾರಂಭಕ್ಕೂ ಬರುತ್ತಾರೆ. ಹೋಗಿ ಅವರನ್ನೇ ಕೇಳಿದೆ. ಅವರು ಫೋಟೋ ಕೈಯಲ್ಲಿ ಹಿಡಿದು, "ಹೆಸರು ಹಾಕಮ್ಮ, ಎಲ್ಲರಿಗೂ ಹಾಕಿದ ಹಾಗೆ" ಅಂದರು. ಐದೂ ಹೆಸರು ಒಂದೇ ಅಳತೆಯಲ್ಲಿ, ಎಡದಿಂದ ಬಲಕ್ಕೆ. ಎಂಟು ಸೆಕೆಂಡ್, ದನಿ ಇಲ್ಲ.

ಇನ್ನು ಅಕ್ಷರಗಳ ಕಾಟ. ನಾನು ಆಫೀಸಿನ ಕಂಪ್ಯೂಟರಿನಲ್ಲಿ ಅಭ್ಯಾಸದಂತೆ ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಹುಡುಗನಿಗೆ ಕಳಿಸಿದೆ. ಅವನ ಫೋನಿನಲ್ಲಿ 'ಕನ್ನಡ' ಅನ್ನುವುದು `PÀ£ÀßqÀ` ಅಂತ ಕಂಡಿತು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಿದೆವು. ಆಗಲೂ ಅವನ ಎಡಿಟಿಂಗ್ ಆ್ಯಪ್ ಒತ್ತಕ್ಷರಗಳನ್ನು ಬಿಡಿಸಿ ಬಿಡಿಸಿ ಇಡುತ್ತಿತ್ತು. 'ಮೇಸ್ತ್ರಿ'ಯ ಒತ್ತುಗಳು ಅಕ್ಷರದ ಕೆಳಗೆ ಕೂರುವ ಬದಲು ಪಕ್ಕದಲ್ಲಿ ಸಾಲಾಗಿ ನಿಂತವು. ಕೊನೆಗೆ ಕ್ಯಾಪ್ಶನ್‌ಗಳನ್ನೆಲ್ಲ ಕಂಪ್ಯೂಟರಿನ ಸ್ಲೈಡಿನಲ್ಲಿ ಫೋಟೋ ಮೇಲೆಯೇ ಬರೆದು, ಸ್ಲೈಡನ್ನು ಚಿತ್ರವಾಗಿ ಉಳಿಸಿ, ಆ ಚಿತ್ರಗಳನ್ನೇ ಆ್ಯಪ್‌ಗೆ ಹಾಕಿದೆವು. ಅಕ್ಷರ ಚಿತ್ರವಾದ ಮೇಲೆ ಅದನ್ನು ಒಡೆಯಲು ಆ್ಯಪ್‌ಗೆ ಆಗುವುದಿಲ್ಲ. ತಪ್ಪು ತಿದ್ದಬೇಕಾದರೆ ಮಾತ್ರ ಮತ್ತೆ ಸ್ಲೈಡಿಗೇ ಹೋಗಬೇಕು. ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿದೆವು. ಪಟ್ಟಿ ಸಣ್ಣದಾದರೆ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ, ಅದಕ್ಕೆ ಕೆಳಗೆ ಜಾಸ್ತಿ ಜಾಗ ಬಿಡಬೇಕು. ಒಂದೇ ಸಾಲು, ಹೆಚ್ಚೆಂದರೆ ನಾಲ್ಕೈದು ಪದ. ಹಿಂದಿನ ಸಾಲಿನಲ್ಲಿ ಕೂರುವ ಪೆನ್ಷನ್‌ದಾರರಿಗೂ ಓದಲು ಆಗಬೇಕಲ್ವಾ.

ದನಿ ರೆಕಾರ್ಡ್ ಮಾಡಿದ್ದು ಆಫೀಸಿನ ಜೀಪಿನೊಳಗೆ. ಮನೆಯ ಹಂಚಿನ ಮೇಲೆ ಮಳೆ, ಆಫೀಸಿನಲ್ಲಿ ಫ್ಯಾನು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತ್ತು. ನಮ್ಮಲ್ಲೂ ಅದರ ಬೆನ್ನಿಗೇ ಹಿಡಿದುಕೊಂಡಿತು. ಒಂದು ಹೊಳವಿನಲ್ಲಿ ಜೀಪಿನ ಗಾಜು ಏರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿದು ಓದಿದೆ. ಎದುರಿಗೇ ಹಿಡಿದರೆ 'ಪ', 'ಬ' ಬಂದಾಗಲೆಲ್ಲ ಗಾಳಿ ಬಡಿದ ಸದ್ದು. ಒಂದೊಂದು ಫೋಟೋದ ಮಾತನ್ನೂ ಬೇರೆ ಬೇರೆ ಫೈಲ್ ಮಾಡಿದೆ. ಒಂದೇ ಸಲ ಓದಿದ್ದರೆ, ಒಂದು ತಪ್ಪಿಗೆ ಇಡೀ ಆರು ನಿಮಿಷ ಮತ್ತೆ ಓದಬೇಕಾಗುತ್ತಿತ್ತು.

ಹಿನ್ನೆಲೆಗೆ ಸಿನಿಮಾ ಹಾಡು ಬೇಡ ಅಂತ ನನ್ನ ಹಟ. ಹಾಡಿನ ಸಾಹಿತ್ಯ ನಮ್ಮ ಮಾತಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಅದರ ಬದಲು ಮಳೆ ಸದ್ದು ಮತ್ತು ಟಿಸಿಯ ಗುಂಯ್‌ಗುಡುವ ಸದ್ದು ರೆಕಾರ್ಡ್ ಮಾಡಿಕೊಂಡು ಬಂದೆವು. ಟಿಸಿ ಅಂದರೆ ನಮ್ಮ ಭಾಷೆಯಲ್ಲಿ ಟ್ರಾನ್ಸ್‌ಫಾರ್ಮರ್. ಫೋನಿನಲ್ಲಿ ಕೇಳಿದಾಗ ಆ ಗುಂಯ್ ಸಣ್ಣಗೆ, ಚಂದ ಇತ್ತು. 30ರ ಸಂಜೆ ಸಮುದಾಯ ಭವನದಲ್ಲಿ ಹಾಕಿ ನೋಡಿದೆವು. ದೊಡ್ಡ ಸ್ಪೀಕರಿನಲ್ಲಿ ಅದು ಭೋರ್ ಅಂತ ಎದೆಗೆ ಬಡಿಯಿತು. ಮೈಕ್‌ಸೆಟ್ಟಿನವನು ಎದ್ದು ಬಿದ್ದು ಓಡಿ ವೈರುಗಳನ್ನೆಲ್ಲ ಅಲುಗಿಸಿ ನೋಡಿ, "ಸಾರ್, ನಿಮ್ಮ ಹಾಲ್‌ಗೆ ಅರ್ತಿಂಗ್ ಸರಿ ಇಲ್ಲ!" ಅಂದ. ವಿದ್ಯುತ್ ಇಲಾಖೆಯವರಿಗೆ! ಅವನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟಿಸಿ ಗುಂಯ್‌ಗುಡುವುದು ಅದರ ಎರಡರಷ್ಟು, 100 ಹರ್ಟ್ಸ್. ಮೈಕ್‌ಸೆಟ್ಟಿನಲ್ಲಿ ಅರ್ತ್ ಕೆಟ್ಟಾಗಲೂ ಹೆಚ್ಚುಕಡಿಮೆ ಇದೇ ಗುಂಯ್ ಬರುತ್ತದೆ. ಸಣ್ಣ ಫೋನಿನ ಸ್ಪೀಕರಿಗೆ ಅಷ್ಟು ದಪ್ಪ ಸದ್ದು ಹೊರಡಿಸಲು ಬರುವುದಿಲ್ಲ, ಅದಕ್ಕೇ ನಮಗೆ ಗೊತ್ತಾಗಿರಲಿಲ್ಲ. ಗುಂಯ್ ತೆಗೆದು ಮಳೆ ಮಾತ್ರ ಉಳಿಸಿದೆವು, ಅದನ್ನೂ ನನ್ನ ದನಿ ಬರುವ ಕಡೆ ತಗ್ಗಿಸಿ.

ಅದೇ ರಾತ್ರಿ ಇನ್ನೊಂದು ಫೋಟೋ ಬಂತು. ಬಿದಿರಿನ ಗಳುವಿಗೆ ಟಿಸಿ ಕಟ್ಟಿ ಹತ್ತು ಹನ್ನೆರಡು ಜನ ಹಳ್ಳ ದಾಟಿಸುತ್ತಿರುವುದು, ಮುಂದಿನ ಹೆಗಲು ಅಣ್ಣನದು. ಬಿಡಲು ಮನಸ್ಸಾಗಲಿಲ್ಲ. ಮಾತಿಲ್ಲದ ಒಂದು ಶಾಲಿನ ಫೋಟೋ ಇತ್ತಲ್ಲ, ಅದನ್ನು ತೆಗೆದು ಇದನ್ನು ಹಾಕಿದೆ. ಪ್ರತಿ ಕ್ಯಾಪ್ಶನ್ನಿಗೂ ಇಬ್ಬರನ್ನು ಕೇಳಬೇಕು ಅಂತ ನಾನೇ ನಿಯಮ ಮಾಡಿಕೊಂಡಿದ್ದೆ. ಆವತ್ತು ಹನ್ನೊಂದು ಗಂಟೆ ಆಗಿತ್ತು, ಕಳಿಸಿದವರನ್ನು ಮಾತ್ರ ಕೇಳಿದೆ. "63 ಕೆವಿಎ ಟಿಸಿ, ಹಳ್ಳ ದಾಟಿದ ದಿನ" ಅಂತ ಬರೆದೆ.

31, ಶನಿವಾರ. ಬೆಳಗ್ಗೆಯೇ ಎರಡು ಕಡೆ ಮರ ಬಿದ್ದು ಅರ್ಧ ಹುಡುಗರು ಲೈನ್ ಮೇಲಿದ್ದರು. ಕಾರ್ಯಕ್ರಮ ಒಂದೂವರೆ ಗಂಟೆ ತಡ. ಒದ್ದೆ ಬಟ್ಟೆಯಲ್ಲೇ ಬಂದು ಹಿಂದೆ ನಿಂತರು. ಸೈಕಲ್ಲಿಗೆ ನಗು ಬಂತು, ನಾನು ಕೊಟ್ಟ 11 ಸೆಕೆಂಡೂ ಸಾಲಲಿಲ್ಲ. ಚಹಾದ ಫೋಟೋಗೆ ಹಾಲ್ ತಣ್ಣಗಾಯಿತು. ಮಳೆ ಸದ್ದು ವಿಡಿಯೋದ್ದೋ ಹೊರಗಿನದೋ ಗೊತ್ತಾಗುತ್ತಿರಲಿಲ್ಲ. ಅಣ್ಣ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಮಂಡಿ ಮೇಲೆ ಕೈಯಿಟ್ಟು ನೋಡುತ್ತಿದ್ದರು. ಅಳುತ್ತಾರೋ ಏನೋ ಅಂತ ನಾನು ಪಕ್ಕದಿಂದ ಅವರ ಮುಖವನ್ನೇ ನೋಡುತ್ತಿದ್ದೆ.

ಹಳ್ಳದ ಫೋಟೋ ಬಂತು. ಅಣ್ಣ ಎದ್ದು ನಿಂತರು.

"63 ಅಲ್ರೀ ಅದು, 25! 63 ಆಗಿದ್ರೆ ಹನ್ನೆರಡು ಜನ ಹೊತ್ತು ಹಳ್ಳ ದಾಟೋಕಾಗ್ತಿತ್ತಾ?"

ಹಿಂದಿನಿಂದ ಯಾವನೋ ಹುಡುಗ ಕೂಗಿದ, "ಎಲ್‌ಸಿ ತಗೊಂಡ್ರಾ ಅಣ್ಣ, ಮಾತಾಡೋಕೆ?"

ಸೋಮವಾರ ಸ್ಲೈಡ್ ತೆಗೆದು 25 ಅಂತ ತಿದ್ದಿ, ಮತ್ತೆ ಚಿತ್ರ ಮಾಡಿ, ಪೆನ್‌ಡ್ರೈವಿಗೆ ಹಾಕಿ ಅವರ ಮನೆಗೆ ಕಳಿಸಿದೆವು. ಸಂಜೆ ಫೋನ್ ಬಂತು. "ಟೀವಿಲಿ ಹಾಕಿ ನೋಡಿದೆ ತಂಗಿ, ಚೆನ್ನಾಗಿ ಬಂದಿದೆ. ಆ ದೂರು ಪುಸ್ತಕದ್ದು ಇದ್ಯಲ್ಲ, ಅದು ಅಡಿಕೆ ಮರ ಅಲ್ಲ. ಆವತ್ತು ಬಿದ್ದಿದ್ದು ಹಲಸು."